ಹಿಮ ನೋಡಲು ಹೊರಟವರ ಔಷಧಿ ಚೀಟಿಯಲ್ಲಿ ಎರಡು ಖಾಲಿ ದಿನ

ಪ್ರಶ್ನೆ: ಡಾಕ್ಟರ್, ಜನವರಿ ಕೊನೆಗೆ ಮನಾಲಿಗೆ ಹಿಮ ನೋಡಲು ಹೋಗಬೇಕೆಂದಿದ್ದೇವೆ. ನಾನು, ನನ್ನ ಹೆಂಡತಿ, ಒಂಬತ್ತು ವರ್ಷದ ಮಗಳು ಮತ್ತು 66 ವರ್ಷದ ಅಪ್ಪ. ಅಪ್ಪನಿಗೆ ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ. ಎರಡು ಹೊತ್ತು ಇನ್ಸುಲಿನ್, ಜೊತೆಗೆ ಬಿಪಿ ಮಾತ್ರೆ. ಮಗಳಿಗೆ ಆಗಾಗ ಉಬ್ಬಸ ಬರುತ್ತದೆ. ದೆಹಲಿವರೆಗೆ ವಿಮಾನ, ಅಲ್ಲಿಂದ ರಾತ್ರಿ ಬಸ್ಸು, ಮನಾಲಿಯಲ್ಲಿ ಎರಡು ರಾತ್ರಿ, ಮತ್ತೆ ರಾತ್ರಿ ಬಸ್ಸು, ಇಳಿದ ದಿನವೇ ಮಧ್ಯಾಹ್ನದ ವಿಮಾನ. ಒಟ್ಟು ಐದು ದಿನ. ಅಪ್ಪನನ್ನು ಕರೆದುಕೊಂಡು ಹೋಗಬಹುದೇ? ಏನೇನು ಮಾತ್ರೆ ಇಟ್ಟುಕೊಳ್ಳಬೇಕು?
– ಹೆಸರು ಬೇಡ, ದಾವಣಗೆರೆ

ಉತ್ತರ: ನಿಮ್ಮ ತಂದೆಯವರು ನಿಲ್ಲದೆ ಎರಡು ಮಹಡಿ ಹತ್ತಿ, ಎದೆ ಹಿಡಿದುಕೊಳ್ಳದೆ ಮಾತಾಡಬಲ್ಲರಾದರೆ, ಬಿಪಿ ಮತ್ತು ಸಕ್ಕರೆ ಹತೋಟಿಯಲ್ಲಿದ್ದರೆ, ಧಾರಾಳವಾಗಿ ಕರೆದುಕೊಂಡು ಹೋಗಿ. ಹೊರಡುವ ಎರಡು ವಾರ ಮೊದಲು ಅವರ ವೈದ್ಯರಿಗೆ ಒಮ್ಮೆ ತೋರಿಸಿ. ಇತ್ತೀಚೆಗೆ ಹೃದಯಾಘಾತವಾಗಿದ್ದರೆ, ಸ್ಟೆಂಟ್ ಹಾಕಿದ್ದರೆ ವೈದ್ಯರ ಒಪ್ಪಿಗೆ ಇಲ್ಲದೆ ಹೊರಡಬೇಡಿ. ನನಗೆ ಭಯ ನಿಮ್ಮ ತಂದೆಯವರ ಬಗ್ಗೆ ಅಲ್ಲ, ನಿಮ್ಮ ಐದು ದಿನದ ಲೆಕ್ಕದ ಬಗ್ಗೆ.

ಆ ಕಡೆ ಹಿಮ ಹೇಗೆ ಬೀಳುತ್ತದೆ ಎನ್ನುವುದನ್ನು ಮೊದಲು ತಿಳಿದುಕೊಳ್ಳಿ. ಪಶ್ಚಿಮದಿಂದ ಬರುವ ಮೋಡಗಳ ಗುಂಪು ಒಂದೆರಡು ದಿನ ಹಿಮ ಸುರಿಸಿ ಮುಂದೆ ಹೋಗುತ್ತದೆ. ಹಿಮ ಬೀಳುವ ದಿನ ರಸ್ತೆ ಕಾಣುವುದಿಲ್ಲ. ನಿಂತ ಮರುದಿನ ಬಾರ್ಡರ್ ರೋಡ್ಸ್‌ನವರು ಯಂತ್ರ ಇಳಿಸಿ ರಸ್ತೆ ಬಿಡಿಸುತ್ತಾರೆ. ಅದಾದ ಮೇಲೆ ಬರುವ ಬಿಸಿಲಿನ ದಿನವೇ ನಿಮ್ಮ ದಿನ. ಎರಡೇ ರಾತ್ರಿ ಇಟ್ಟುಕೊಂಡವರು ಆ ದಿನಕ್ಕಾಗಿ ಕಾಯಲಾರರು. ದುಡ್ಡು ಕೊಟ್ಟು ಬಂದಿದ್ದೇವಲ್ಲ ಎಂದು ಹಿಮ ಸುರಿಯುತ್ತಿರುವಾಗಲೇ ಹೊರಡುತ್ತಾರೆ. 2024ರ ಡಿಸೆಂಬರ್ ಕೊನೆಯಲ್ಲಿ ಮನಾಲಿ ಬಳಿಯ ಸೋಲಾಂಗ್ ಮತ್ತು ಅಟಲ್ ಸುರಂಗದ ನಡುವೆ ನೂರಾರು ವಾಹನಗಳು ಗಂಟೆಗಟ್ಟಲೆ ಸಿಕ್ಕಿಕೊಂಡಿದ್ದು ಹೀಗೆಯೇ.

ಹಾಗಾಗಿ ಪ್ರವಾಸವನ್ನು ಎಂಟು ದಿನಕ್ಕೆ ಹಿಗ್ಗಿಸಿ. ಮೊದಲ ದಿನ ವಿಮಾನದಲ್ಲಿ ಚಂಡೀಗಢ, ಅಲ್ಲೇ ರಾತ್ರಿ. ಎರಡನೇ ದಿನ ಬೆಳಗ್ಗೆ ಕಾರಿನಲ್ಲಿ ಹೊರಟು ಬೆಳಕಿದ್ದಾಗಲೇ ಮನಾಲಿ ಸೇರಿ. ಮೂರನೇ ದಿನ ವಿಶ್ರಾಂತಿ, ಹಿಡಿಂಬಾ ಗುಡಿಯವರೆಗೆ ನಿಧಾನದ ನಡಿಗೆ. ನಾಲ್ಕು, ಐದು, ಆರು, ಈ ಮೂರರಲ್ಲಿ ಯಾವುದು ಒಳ್ಳೆಯ ದಿನವೋ ಅಂದು ಹಿಮ. ಏಳನೇ ದಿನ ಬೆಳಗ್ಗೆಯೇ ಹೊರಟು ಮಂಡಿಗೆ ಇಳಿದುಬಿಡಿ. ಸುಮಾರು 800 ಮೀಟರ್ ಎತ್ತರದ ಆ ಊರಲ್ಲಿ ಹಿಮದ ಕಾಟವಿಲ್ಲ. ಎಂಟನೇ ದಿನ ಚಂಡೀಗಢಕ್ಕೆ ಬಂದು ಸಂಜೆಯ ವಿಮಾನ ಹಿಡಿಯಿರಿ. ಜನವರಿಯಲ್ಲಿ ಅಲ್ಲಿ ಬೆಳಗಿನ ವಿಮಾನಗಳನ್ನು ಮಂಜು ತಡೆಹಿಡಿಯುವುದು ಸಾಮಾನ್ಯ. ಹೀಗೆ ಮೇಲೆ ಎರಡು ದಿನ ನಿಮ್ಮ ಕೈಯಲ್ಲಿ ಖಾಲಿ ಇರುತ್ತದೆ. ಹಿಮ ಬಿದ್ದು ರಸ್ತೆ ಮುಚ್ಚಿದರೂ ವಿಮಾನಕ್ಕಾಗಿ ಕತ್ತಲಲ್ಲಿ ಜಾರುವ ರಸ್ತೆಯಲ್ಲಿ ಇಳಿಯುವ ಪ್ರಸಂಗ ಬರುವುದಿಲ್ಲ.

ಮಾತ್ರೆಯ ಲೆಕ್ಕವೂ ಇದರಿಂದಲೇ ಬರುತ್ತದೆ. ಎಂಟು ದಿನದ ಪ್ರವಾಸಕ್ಕೆ ಹದಿಮೂರು ದಿನದ ಮಾತ್ರೆ, ಇನ್ಸುಲಿನ್, ಸೂಜಿ, ಸ್ಟ್ರಿಪ್ ಇರಲಿ. ಎರಡು ಪಾಲು ಮಾಡಿ, ಇಬ್ಬರ ಕೈಚೀಲದಲ್ಲಿ ಇಡಿ. ವಿಮಾನದ ದೊಡ್ಡ ಲಗೇಜಿಗೆ ಹಾಕಬೇಡಿ. ಚಳಿಗೆ ರಕ್ತನಾಳಗಳು ಕುಗ್ಗಿ ಬಿಪಿ ಏರುತ್ತದೆ, ಆದ್ದರಿಂದ ಬಿಪಿ ಮಾತ್ರೆ ಒಂದು ದಿನವೂ ತಪ್ಪಬಾರದು.

ಪ್ರಶ್ನೆ: ಮನಾಲಿಯಿಂದ ಸುರಂಗ ದಾಟಿ ಸಿಸ್ಸುವಿಗೆ ಹೋಗುವ ಆಸೆ. ಅಪ್ಪನಿಗೆ ಉಸಿರಾಟದ ತೊಂದರೆ ಆಗುತ್ತದೆಯೇ? ರಸ್ತೆ ಸರಿ ಇದೆಯೋ ಇಲ್ಲವೋ ಹೇಗೆ ತಿಳಿಯುವುದು?

ಉತ್ತರ: ಮನಾಲಿ ಸುಮಾರು 2,050 ಮೀಟರ್ ಎತ್ತರದಲ್ಲಿದೆ. ಸುರಂಗ ಮತ್ತು ಸಿಸ್ಸು ಸುಮಾರು 3,100 ಮೀಟರ್. 2,500 ಮೀಟರ್ ದಾಟಿದ ಮೇಲೆ ಕೆಲವರಿಗೆ ತಲೆನೋವು, ವಾಕರಿಕೆ ಶುರುವಾಗಬಹುದು. ಎತ್ತರದ ಕಾಯಿಲೆ ಹೆಚ್ಚಾಗಿ ಕಾಡುವುದು ಮೇಲೆ ರಾತ್ರಿ ಕಳೆದವರನ್ನು. ಮೂರನೇ ದಿನದ ವಿಶ್ರಾಂತಿ ಆದಮೇಲೆ ಮೂರು ಗಂಟೆಯ ಮಟ್ಟಿಗೆ ಹೋಗಿ, ಮನಾಲಿಗೆ ಬಂದು ಮಲಗುವವರಿಗೆ ಅಪಾಯ ಕಡಿಮೆ. ಸಿಸ್ಸುವಿನಲ್ಲಿ ರಾತ್ರಿ ತಂಗುವ ಪ್ಯಾಕೇಜು ಬೇಡ. ಅಲ್ಲಿ ಹಿಮ ಬಿದ್ದರೆ ನೀವು ಸುರಂಗದ ಆಚೆ, ಆಸ್ಪತ್ರೆ ಈಚೆ.

ರಸ್ತೆಯ ವಿಷಯಕ್ಕೆ ಹಿಂದಿನ ಸಂಜೆ ಹವಾಮಾನ ಇಲಾಖೆಯ ಹಿಮಾಚಲದ ಮುನ್ಸೂಚನೆ ನೋಡಿ. ಆರೆಂಜ್ ಅಲರ್ಟ್ ಇದ್ದರೆ ಹೋಟೆಲಿನಲ್ಲೇ ಉಳಿಯಿರಿ. ಬೆಳಗ್ಗೆ ಪೊಲೀಸರು ಫೋರ್ ಬೈ ಫೋರ್ ಗಾಡಿ ಅಥವಾ ಟೈರಿಗೆ ಸರಪಳಿ ಹಾಕಿದ ಗಾಡಿಗಳನ್ನು ಮಾತ್ರ ಬಿಡುತ್ತಿದ್ದಾರೆಂದರೆ ಮೇಲೆ ರಸ್ತೆ ಜಾರುತ್ತಿದೆ ಎಂದೇ ಅರ್ಥ. ಅಂದು ವಯಸ್ಸಾದವರನ್ನು ಕರೆದೊಯ್ಯಬೇಡಿ. ಒಳ್ಳೆಯ ದಿನದಲ್ಲೂ ಮಧ್ಯಾಹ್ನ ಮೂರರೊಳಗೆ ಕೆಳಗಿಳಿಯಲು ಶುರುಮಾಡಿ. ಬಿಸಿಲಿಗೆ ಕರಗಿ ರಸ್ತೆಯ ಮೇಲೆ ಹರಿದ ನೀರು, ಸೂರ್ಯ ಬೆಟ್ಟದ ಮರೆಗೆ ಹೋದ ಮೇಲೆ ಮತ್ತೆ ಗಾಜಿನಂತೆ ಗಟ್ಟಿಯಾಗುತ್ತದೆ. ಗಾಡಿ ಜಾರುವುದೂ ಅಲ್ಲೇ, ನಡೆಯುವವರು ಬಿದ್ದು ಮಣಿಕಟ್ಟು ಮುರಿದುಕೊಳ್ಳುವುದೂ ಅಲ್ಲೇ.

ಪ್ರಶ್ನೆ: ಬಟ್ಟೆ ಎಷ್ಟು ಬೇಕು? ಮನೆಯಲ್ಲಿ ದಪ್ಪ ಸ್ವೆಟರ್‌ಗಳಿವೆ. ಅಲ್ಲಿ ಕೋಟು, ಬೂಟು ಬಾಡಿಗೆಗೆ ಸಿಗುತ್ತವಂತೆ.

ಉತ್ತರ: ಒಂದು ದಪ್ಪ ಬಟ್ಟೆಗಿಂತ ಮೂರು ತೆಳು ಪದರ ವಾಸಿ. ಬೆಚ್ಚಗಿಡುವುದು ಪದರಗಳ ನಡುವೆ ಸಿಕ್ಕಿಕೊಂಡ ಗಾಳಿ. ಮೈಗೆ ಅಂಟಿದಂತೆ ಉಣ್ಣೆಯ ಅಥವಾ ಸಿಂಥೆಟಿಕ್ ಥರ್ಮಲ್, ಅದರ ಮೇಲೆ ಸ್ವೆಟರ್ ಅಥವಾ ಫ್ಲೀಸ್, ಹೊರಗೆ ಗಾಳಿ ಮತ್ತು ನೀರು ತಡೆಯುವ ಜಾಕೆಟ್. ನಮ್ಮವರು ಎಡವುವುದು ಮೊದಲ ಪದರದಲ್ಲಿ. ಅಭ್ಯಾಸಬಲದಿಂದ ಒಳಗೆ ಹತ್ತಿ ಬನಿಯನ್ ಹಾಕಿಕೊಳ್ಳುತ್ತಾರೆ. ಹಿಮದಲ್ಲಿ ಹತ್ತು ನಿಮಿಷ ಆಡಿದರೆ ಬೆವರು ಬರುತ್ತದೆ, ಹತ್ತಿ ಅದನ್ನು ಹೀರಿ ಒದ್ದೆಯಾಗಿಯೇ ಕೂರುತ್ತದೆ. ಆಟ ನಿಂತ ಮೇಲೆ ಆ ಒದ್ದೆ ಬನಿಯನ್ನೇ ಮೈಯ ಶಾಖ ಎಳೆಯುತ್ತದೆ. ಆದ್ದರಿಂದ ಆಡುವ ಮೊದಲು ನಡುವಿನ ಪದರ ತೆಗೆಯಿರಿ, ಆಟ ಮುಗಿದೊಡನೆ ಹಾಕಿ.

ಬಾಡಿಗೆ ಕೋಟು ಹೊರಪದರಕ್ಕೆ ಸಾಕು. ಬೂಟಿನ ಒಳಗೆ ಕೈ ಹಾಕಿ ನೋಡಿ ತೆಗೆದುಕೊಳ್ಳಿ. ಹಿಂದಿನವರ ತೇವ ಹಾಗೆಯೇ ಇರುವುದುಂಟು. ಬಿಗಿಯಾದ ಬೂಟಿಗೆ ಎರಡು ಜೊತೆ ಕಾಲುಚೀಲ ತುರುಕಬೇಡಿ, ರಕ್ತಸಂಚಾರ ಕಡಿಮೆಯಾಗಿ ಬೆರಳು ಇನ್ನಷ್ಟು ತಣ್ಣಗಾಗುತ್ತದೆ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಡಿಮೆಯಾಗಿದ್ದರೆ ತಂದೆಯವರಿಗೆ ಕಾಲು ಮರಗಟ್ಟಿದ್ದೂ ತಿಳಿಯದು. ಗಂಟೆಗೊಮ್ಮೆ ಕಾರಿನಲ್ಲಿ ಕೂರಿಸಿ ಬೂಟು ಕಳಚಿ, ಬೆರಳು ನಿಮ್ಮ ಕಣ್ಣಲ್ಲೇ ನೋಡಿ. ಬಿಳಿಚಿ ಮೇಣದಂತಾಗಿದ್ದರೆ ಉಜ್ಜಬೇಡಿ, ಬೆಂಕಿಗೂ ಹಿಡಿಯಬೇಡಿ. ಒಣ ಕಾಲುಚೀಲ ಹಾಕಿ, ಗಾಡಿಯಲ್ಲಿ ಬೆಚ್ಚಗಿರಿಸಿ, ಕೆಳಗೆ ಬಂದು ವೈದ್ಯರಿಗೆ ತೋರಿಸಿ.

ಮಗಳ ಮೂಗು ಬಾಯಿ ಮುಚ್ಚುವಂತೆ ಮಫ್ಲರ್ ಸುತ್ತಿ; ತಣ್ಣನೆಯ ಒಣಗಾಳಿ ನೇರ ಎದೆಗೆ ಹೋದರೆ ಉಬ್ಬಸ ಕೆರಳುತ್ತದೆ. ಇನ್‌ಹೇಲರ್ ಒಳಜೇಬಿನಲ್ಲಿರಲಿ, ತಣ್ಣಗಾದ ಡಬ್ಬಿಯಿಂದ ಔಷಧಿ ಸರಿಯಾಗಿ ಚಿಮ್ಮುವುದಿಲ್ಲ. ಹೊಸ ಹಿಮ ಬಿಸಿಲನ್ನು ಕಣ್ಣಿಗೆ ಹಿಂದಿರುಗಿಸುವುದರಿಂದ ನಾಲ್ವರಿಗೂ ಯುವಿ ತಡೆಯುವ ಕಪ್ಪು ಕನ್ನಡಕ ಬೇಕು.

ಪ್ರಶ್ನೆ: ಇನ್ಸುಲಿನ್ ತಣ್ಣಗೇ ಇರಬೇಕಲ್ಲ, ಆ ಚಳಿಯಲ್ಲಿ ಚಿಂತೆ ಇಲ್ಲ ಅಲ್ಲವೇ?

ಉತ್ತರ: ಎಲ್ಲರೂ ಹೀಗೇ ಅಂದುಕೊಳ್ಳುತ್ತಾರೆ. ಕೆಲವು ವರ್ಷಗಳ ಹಿಂದೆ ಹಿಮ ನೋಡಿ ಬಂದ ಹಿರಿಯರೊಬ್ಬರು ನನ್ನ ಎದುರು ಕೂತರು. ನಾಲಿಗೆ ಒಣಗಿತ್ತು, ಸಕ್ಕರೆ 400 ದಾಟಿತ್ತು. ಒಂದು ಡೋಸೂ ತಪ್ಪಿಸಿಲ್ಲ ಎಂದು ಆಣೆ ಮಾಡಿದರು, ನಿಜವೂ ಆಗಿತ್ತು. ಪೆನ್ನು ಎಲ್ಲಿಟ್ಟಿದ್ದಿರಿ ಎಂದು ಕೇಳಿದೆ. ತಣ್ಣಗಿರಲೆಂದು ರಾತ್ರಿ ಕಾರಿನ ಡಿಕ್ಕಿಯಲ್ಲಿ ಬಿಟ್ಟಿದ್ದರಂತೆ. ಹೆಪ್ಪುಗಟ್ಟಿ ಕರಗಿದ ಇನ್ಸುಲಿನ್ ನೋಡಲು ಮೊದಲಿನಂತೆಯೇ ಕಾಣಬಹುದು, ಆದರೆ ಅದರ ಶಕ್ತಿಯನ್ನು ನಂಬುವಂತಿಲ್ಲ. ಹೆಪ್ಪುಗಟ್ಟಿದೆ ಎಂಬ ಅನುಮಾನ ಬಂದರೆ ಎಸೆಯಿರಿ. ಹಗಲು ಥರ್ಮಲ್ ಮೇಲಿನ ಜೇಬಿನಲ್ಲಿ, ರಾತ್ರಿ ರಜಾಯಿ ಪಕ್ಕದಲ್ಲಿ ಇಡಿ, ಹೀಟರಿಗೆ ತಗಲಿಸಬೇಡಿ. ಅನೇಕ ಗ್ಲುಕೋಮೀಟರ್‌ಗಳೂ ಸುಮಾರು 10 ಡಿಗ್ರಿಗಿಂತ ಕೆಳಗೆ ಕೆಲಸ ಮಾಡುವುದಿಲ್ಲ, ಅದೂ ಮೈಯ ಬಿಸಿಯಲ್ಲಿರಲಿ.

ಪ್ರಶ್ನೆ: ಇಷ್ಟೆಲ್ಲ ಮಾಡಿಯೂ ದಾರಿಯಲ್ಲಿ ಸಿಕ್ಕಿಹಾಕಿಕೊಂಡರೆ?

ಉತ್ತರ: ಸೋಲಾಂಗ್‌ನಿಂದ ಮನಾಲಿಗೆ ಹದಿಮೂರು ಕಿಲೋಮೀಟರ್. ಅದಕ್ಕೇ ಆರು ಗಂಟೆ ಹಿಡಿಯಬಹುದು ಎಂದುಕೊಂಡು ಹೊರಡಿ. ಒಂದು ಚೀಲದಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಫ್ಲಾಸ್ಕಿನಲ್ಲಿ ಬಿಸಿನೀರು, ಗ್ಲೂಕೋಸ್ ಪುಡಿ, ಎರಡು ಹೊದಿಕೆ ಇರಲಿ. ಸಂಜೆಯ ಇನ್ಸುಲಿನ್ನನ್ನು ಗಡಿಯಾರ ನೋಡಿ ಚುಚ್ಚಬೇಡಿ, ಊಟ ಕೈಗೆ ಬಂದ ಮೇಲೆ ಚುಚ್ಚಿ. ಸಕ್ಕರೆ ಇಳಿದಾಗಲೂ ಕೈ ನಡುಗುತ್ತದೆ, ಚಳಿಗೂ ನಡುಗುತ್ತದೆ. ಅಷ್ಟು ಚಳಿಯಲ್ಲಿ ಹಣೆಯ ಮೇಲೆ ಬೆವರು ಕಂಡರೆ ಸಕ್ಕರೆ ಇಳಿದಿದೆ ಎಂದೇ ತಿಳಿಯಿರಿ. ಮೂರು ಚಮಚ ಗ್ಲೂಕೋಸ್ ನೀರಲ್ಲಿ ಕೊಟ್ಟು, ಹದಿನೈದು ನಿಮಿಷಕ್ಕೆ ಮತ್ತೆ ಪರೀಕ್ಷಿಸಿ. ನಡುಗುತ್ತಿದ್ದವರು ನಡುಕ ನಿಂತು ತೊದಲತೊಡಗಿದರೆ, ತೂಕಡಿಸಿದರೆ, ಚಳಿ ಒಳಗಿಳಿದಿದೆ. ಒಣ ಬಟ್ಟೆ ಹಾಕಿ ಹೊದಿಸಿ, ತಕ್ಷಣ 112ಕ್ಕೆ ಕರೆ ಮಾಡಿ. ಬೆಚ್ಚಗಾಗಲಿ ಎಂದು ಯಾರಾದರೂ ಬ್ರಾಂದಿ ಕೊಟ್ಟರೆ ಬೇಡ ಎನ್ನಿ, ಅದು ಚರ್ಮಕ್ಕೆ ಬಿಸಿ ತಂದು ಮೈಯೊಳಗಿನ ಶಾಖ ಕಳೆಯುತ್ತದೆ.

ಎಂಜಿನ್ ಸತತವಾಗಿ ಓಡಿಸಿ ಗಾಜು ಮುಚ್ಚಿ ಮಲಗಬೇಡಿ. 2022ರ ಜನವರಿಯಲ್ಲಿ ಪಾಕಿಸ್ತಾನದ ಮರ್ರೀ ಎಂಬ ಗಿರಿಧಾಮದ ರಸ್ತೆಯಲ್ಲಿ ಹಿಮಕ್ಕೆ ಸಿಕ್ಕಿ ಇಪ್ಪತ್ತಕ್ಕೂ ಹೆಚ್ಚು ಜನ ತಮ್ಮ ಕಾರುಗಳಲ್ಲೇ ಸತ್ತರು. ಅವರಲ್ಲಿ ಹಲವರನ್ನು ಕೊಂದದ್ದು ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ. ಹೊಗೆ ಕೊಳವೆಯನ್ನು ಹಿಮ ಮುಚ್ಚಿದರೆ ಅದು ಗಾಡಿಯೊಳಕ್ಕೆ ನುಗ್ಗುತ್ತದೆ. ಇಳಿದು ಕೊಳವೆಯ ಸುತ್ತ ಹಿಮ ಸರಿಸಿ, ಗಂಟೆಗೆ ಹತ್ತು ನಿಮಿಷ ಮಾತ್ರ ಎಂಜಿನ್ ಓಡಿಸಿ, ಒಂದು ಗಾಜು ಬೆರಳಗಲ ತೆರೆದಿರಲಿ. ಕೋಣೆಯಲ್ಲಿ ಇದ್ದಿಲ ಅಗ್ಗಿಷ್ಟಿಕೆ ಕೊಟ್ಟರೂ ಇದೇ ಅಪಾಯ. ಈ ಅನಿಲಕ್ಕೆ ವಾಸನೆಯಿಲ್ಲ. ಒಂದೇ ಕಡೆ ಇದ್ದ ಎಲ್ಲರಿಗೂ ಒಟ್ಟಿಗೆ ತಲೆನೋವು, ವಾಕರಿಕೆ ಬಂದರೆ ಎತ್ತರದ ಕಾಯಿಲೆ ಎಂದು ಸುಮ್ಮನಿರದೆ ಮೊದಲು ಹೊರಗೆ ಗಾಳಿಗೆ ಬನ್ನಿ.

ಟಿಕೆಟು ಇನ್ನೂ ಮಾಡಿಸಿಲ್ಲವಾದರೆ ಇವತ್ತೇ ಎಂಟು ದಿನಕ್ಕೆ ಮಾಡಿಸಿ. ರಜೆ ಐದೇ ದಿನ ಎಂದಾದರೆ ಈ ವರ್ಷ ತಂದೆಯವರನ್ನು ಬಿಟ್ಟು ಹೋಗಿ.