ವಾದದ ಕಟ್ಟು, ವಾದದ ಹುರುಳು

ಒಂದು ವಾದದಲ್ಲಿ ಆಧಾರವಾಗಿ ಹೇಳಿದ ಮಾತುಗಳನ್ನು ಒಪ್ಪಿದರೆ ತೀರ್ಮಾನವನ್ನೂ ಒಪ್ಪಲೇಬೇಕು ಎಂಬಂತಿದ್ದರೆ ಅದು ಸಿಂಧುವಾದ ವಾದ. ಅದರ ಜೊತೆಗೆ ಆ ಆಧಾರಗಳೆಲ್ಲವೂ ನಿಜವೇ ಆಗಿದ್ದರೆ ಅದು ಸುಭದ್ರ ವಾದ.

‘ಹಾರುವ ಪ್ರಾಣಿಗಳೆಲ್ಲ ಮೊಟ್ಟೆಯಿಡುವ ಜಾತಿಯವು. ಬಾವಲಿ ಹಾರುತ್ತದೆ. ಆದ್ದರಿಂದ ಬಾವಲಿ ಮೊಟ್ಟೆಯಿಡುವ ಜಾತಿಯದು.’ ಇದರ ಕಟ್ಟಿನಲ್ಲಿ ಕೊರತೆಯಿಲ್ಲ, ಹಾಗಾಗಿ ವಾದ ಸಿಂಧು. ಆದರೆ ಬಾವಲಿ ಮರಿ ಹಾಕಿ ಹಾಲೂಡಿಸುವ ಪ್ರಾಣಿ. ಮೊದಲ ಮಾತೇ ಸುಳ್ಳಾದ್ದರಿಂದ ವಾದ ಸುಭದ್ರವಲ್ಲ. ಬಾವಲಿಯ ಜಾಗದಲ್ಲಿ ಕಾಗೆಯನ್ನಿಟ್ಟರೆ ತೀರ್ಮಾನ ನಿಜವಾಗುತ್ತದೆ. ಆದರೂ ವಾದ ಸುಭದ್ರವಾಗದು, ಏಕೆಂದರೆ ಆ ಮೊದಲ ಮಾತು ಇನ್ನೂ ಸುಳ್ಳೇ. ‘ಹಕ್ಕಿಗಳೆಲ್ಲ ಮೊಟ್ಟೆಯಿಡುವ ಜಾತಿಯವು, ಕಾಗೆ ಹಕ್ಕಿ’ ಎಂದು ಹೊರಟರೆ ಮಾತ್ರ ಎರಡೂ ಕೂಡಿಬರುತ್ತವೆ.

ಹೆಚ್ಚು ಜನ ಎಡವುವುದು ಇದರ ತಿರುವುಮುರುವಿನಲ್ಲಿ. ‘ಹಕ್ಕಿಗಳೆಲ್ಲ ಮೊಟ್ಟೆಯಿಡುವ ಜಾತಿಯವು. ಪಾರಿವಾಳವೂ ಮೊಟ್ಟೆಯಿಡುವ ಜಾತಿಯದು. ಆದ್ದರಿಂದ ಪಾರಿವಾಳ ಹಕ್ಕಿ.’ ಮೂರು ಮಾತೂ ನಿಜ. ಹಾಗೆಂದೇ ಇದರ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಪಾರಿವಾಳವನ್ನು ತೆಗೆದು ಹಲ್ಲಿಯನ್ನಿಟ್ಟರೆ ಆಧಾರಗಳು ಮೊದಲಿನಷ್ಟೇ ನಿಜ, ಆದರೆ ಹಲ್ಲಿ ಹಕ್ಕಿಯಾಗಿಬಿಡುತ್ತದೆ! ಅಂದರೆ ಕಟ್ಟೇ ಸಡಿಲ. ವಾದ ಸಿಂಧುವೂ ಅಲ್ಲ, ಸುಭದ್ರವೂ ಅಲ್ಲ.

ವಾದವೊಂದರ ಬಗ್ಗೆ ಅನುಮಾನ ಬಂದರೆ ಓದುಗರು ಮೊದಲು ಹೀಗೆ ಹೆಸರು ಬದಲಿಸಿ ಕಟ್ಟನ್ನು ನೋಡಲಿ. ಅದು ನಿಂತರೆ, ಆಮೇಲೆ ಪ್ರತಿ ಆಧಾರವೂ ನಿಜವೇ ಎಂದು ವಿಚಾರಿಸಲಿ.