ಮೆಟ್ರೊ ಗೇಟಿಗೆ ಫೋನ್ ತಾಗಿಸಿದರೆ ಸಾಕೇ?

ಪ್ರಶ್ನೆ: ಬನಹಟ್ಟಿಯಲ್ಲಿ ನನ್ನದು ಸೀರೆ ವ್ಯಾಪಾರ. ಬೆಂಗಳೂರಿಗೆ ಆಗಾಗ ಹೋಗುತ್ತೇನೆ. ಅಂಗಡಿಯಲ್ಲೂ ಮೆಟ್ರೊದಲ್ಲೂ ತಾಗಿಸಿ ಹಣ ಕೊಡಲು ಯಾವ ಫೋನ್ ಕೊಳ್ಳಲಿ?

ಉತ್ತರ: ಇವೆರಡೂ ಬೇರೆ ಬೇರೆ ಕೆಲಸ. ನಮ್ಮ ಮೆಟ್ರೊದ ಎನ್‌ಸಿಎಂಸಿ ಕಾರ್ಡಿನ ಚಿಪ್‌ನಲ್ಲೇ ಹಣ ಇರುತ್ತದೆ. ಗೇಟು ಬ್ಯಾಂಕನ್ನು ಕೇಳದೆ ಅದರಿಂದಲೇ ಕಡಿತ ಮಾಡುತ್ತದೆ. ಫೋನಿಗೆ ಸೇರಿಸಿದ ಡೆಬಿಟ್ ಕಾರ್ಡಿನಲ್ಲಿ ಈ ಶೇಖರಣೆ ಇರುವುದಿಲ್ಲ. ಆದ್ದರಿಂದ ಮೆಟ್ರೊಗೆ ಕಾರ್ಡನ್ನೇ ಇಟ್ಟುಕೊಳ್ಳಿ, ಇಲ್ಲವೇ ವಾಟ್ಸ್ಆ್ಯಪ್‌ನಲ್ಲಿ ಕ್ಯೂಆರ್ ಟಿಕೆಟ್ ತೆಗೆದುಕೊಳ್ಳಿ. ಕಾರ್ಡಿಗೆ ಆನ್‌ಲೈನ್‌ನಲ್ಲಿ ಹಣ ಹಾಕಿದರೆ, ಅದು ಚಿಪ್‌ಗೆ ಇಳಿಯುವವರೆಗೆ ಆ ಹಣದಿಂದ ಗೇಟು ತೆರೆಯುವುದಿಲ್ಲ. ನಿಲ್ದಾಣದಲ್ಲಿ ಕಾರ್ಡನ್ನು ಅಪ್‌ಡೇಟ್ ಮಾಡಿಸಿ.

ಅಂಗಡಿ ಪಾವತಿಗೆ ಎನ್‌ಎಫ್‌ಸಿ ಇರುವ ಆಂಡ್ರಾಯ್ಡ್ ಫೋನ್ ಬೇಕು. ಗೂಗಲ್ ಪೇ ಅಥವಾ ಸ್ಯಾಮ್‌ಸಂಗ್ ಫೋನಾದರೆ ಸ್ಯಾಮ್‌ಸಂಗ್ ವಾಲೆಟ್ ಬಳಸಬಹುದು. ನಿಮ್ಮ ಬ್ಯಾಂಕಿನ ಕಾರ್ಡ್ ಅದಕ್ಕೆ ಸೇರುತ್ತದೆಯೇ ಎಂದು ಮೊದಲು ನೋಡಿ. ಮಾದರಿಯ ಹೆಸರನ್ನಷ್ಟೇ ನಂಬಬೇಡಿ. ವಿದೇಶದಲ್ಲಿ ಎನ್‌ಎಫ್‌ಸಿ ಇರುವ ಮಾದರಿಯೇ ಇಲ್ಲಿ ಅದಿಲ್ಲದೆ ಮಾರಾಟವಾಗುವುದುಂಟು. ಅಂಗಡಿಯಲ್ಲೇ ಸೆಟ್ಟಿಂಗ್ಸ್‌ನಲ್ಲಿ NFC ಹುಡುಕಿ ಆನ್ ಮಾಡಿ, ಅಲೆಯ ಗುರುತಿರುವ ಬ್ಯಾಂಕ್ ಕಾರ್ಡನ್ನು ಫೋನಿನ ಬೆನ್ನ ಮೇಲೆ ನಿಧಾನವಾಗಿ ಸರಿಸಿ. ಸಾಮಾನ್ಯವಾಗಿ ಫೋನ್ ಸದ್ದು ಮಾಡುವ ಅಥವಾ ಅದುರುವ ಜಾಗದಲ್ಲೇ ಆಂಟೆನಾ ಇರುತ್ತದೆ. ಪಾವತಿ ಯಂತ್ರಕ್ಕೂ ಆ ಜಾಗವನ್ನೇ ತಾಗಿಸಿ.

ಯಂತ್ರ ಫೋನನ್ನು ಓದದಿದ್ದರೆ ಮೊದಲು ಲೋಹದ ಕವರ್ ತೆಗೆಯಿರಿ, ಡೀಫಾಲ್ಟ್ ಪಾವತಿ ಆ್ಯಪ್ ಯಾವುದೆಂದು ನೋಡಿ. ಹಿಂಬದಿಯ ಗಾಜು ಬದಲಿಸಿದ ಮೇಲೆ ತೊಂದರೆ ಶುರುವಾಗಿದ್ದರೆ ಆಂಟೆನಾ ಸರಿಯಾಗಿ ಕೂತಿರಲಿಕ್ಕಿಲ್ಲ. ಕಂಪನಿಯ ಸರ್ವಿಸ್ ಸೆಂಟರಿಗೆ ಒಯ್ಯಿರಿ. ಹಣ ಕಡಿತವಾಗಿ ಪಾವತಿ ವಿಫಲವಾದರೆ ರಸೀದಿಯೊಂದಿಗೆ ಬ್ಯಾಂಕಿಗೆ ಲಿಖಿತ ದೂರು ಕೊಡಿ.