ಬಡ್ಡಿ ಸರ್ಟಿಫಿಕೇಟ್ ಸಿಗುತ್ತಿಲ್ಲ, ನೋಟಿಸ್ ಬಂದಿದೆ: ಶಿಕ್ಷಣ ಸಾಲದ ವಿನಾಯಿತಿ ಉಳಿಸಿಕೊಳ್ಳುವುದು ಹೇಗೆ?

ಭಟ್ಕಳ, ಹೊನ್ನಾವರ, ಕುಮಟಾ ಕಡೆಯಲ್ಲಿ ಹತ್ತು ವರ್ಷದ ಹಿಂದೆ ಮಕ್ಕಳ ಓದಿಗೆ ಸಾಲ ಕೊಟ್ಟ ಹಲವು ಬ್ಯಾಂಕುಗಳ ಬೋರ್ಡು ಈಗ ಬದಲಾಗಿದೆ. ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದೊಳಗೆ ಸೇರಿತು. ಮರುವರ್ಷ ಅದೇ ದಿನ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕನ್ನೂ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕನ್ನೂ ಸೇರಿದವು. ಉತ್ತರ ಕನ್ನಡದವರಿಗೆ ಹತ್ತಿರದ್ದಾಗಿದ್ದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ 2025ರ ಮೇ 1ರಿಂದ ಬಳ್ಳಾರಿಯಲ್ಲಿ ಕೇಂದ್ರ ಕಚೇರಿ ಇರುವ ಕರ್ನಾಟಕ ಗ್ರಾಮೀಣ ಬ್ಯಾಂಕಿನ ಭಾಗವಾಯಿತು. ವಿಲೀನವಾದಾಗ ಖಾತೆ ಸಂಖ್ಯೆ ಬದಲಾಗುವುದುಂಟು, ಹಳೆಯ ವರ್ಷಗಳ ವಿವರ ಹೊಸ ಆ್ಯಪ್‌ನಲ್ಲಿ ಕಾಣದಿರುವುದೂ ಉಂಟು. ಸಾಲದ ಬಡ್ಡಿಗೆ 80ಇ ವಿನಾಯಿತಿ ಪಡೆದವರಿಗೆ ಆದಾಯ ತೆರಿಗೆ ಇಲಾಖೆಯ ನೋಟಿಸ್ ಬಂದು, ಬ್ಯಾಂಕಿನಲ್ಲಿ ಸರ್ಟಿಫಿಕೇಟ್ ಸಿಗದೆ ಗಾಬರಿಯಾಗುವುದು ಇಂಥ ಹೊತ್ತಿನಲ್ಲೇ.

ನೋಟಿಸ್ ಬರಲು ಕಾರಣವಿದೆ. ಸುಳ್ಳು ವಿನಾಯಿತಿಗಳ ಪರಿಶೀಲನೆ ಆರಂಭಿಸಿದ್ದಾಗಿ ಇಲಾಖೆ 2025ರ ಜುಲೈ 14ರಂದು ಪ್ರಕಟಿಸಿದಾಗ ಹೆಸರಿಸಿದ ಸೆಕ್ಷನ್‌ಗಳಲ್ಲಿ 80ಇ ಕೂಡ ಒಂದು. 2025-26ರ ಅಸೆಸ್‌ಮೆಂಟ್ ವರ್ಷದಿಂದ ರಿಟರ್ನ್‌ನಲ್ಲೇ ಬ್ಯಾಂಕಿನ ಹೆಸರು, ಸಾಲದ ಖಾತೆ ಸಂಖ್ಯೆ, ಮಂಜೂರಾದ ದಿನಾಂಕ, ಮಾರ್ಚ್ 31ರ ಬಾಕಿ ಎಲ್ಲವನ್ನೂ ತುಂಬಬೇಕಾಗಿದೆ. ಹಳೆಯ ಬ್ಯಾಂಕಿನ ಹೆಸರನ್ನೋ ಹಳೆಯ ಸಂಖ್ಯೆಯನ್ನೋ ಬರೆದಿದ್ದರೆ ಪ್ರಶ್ನೆ ಏಳುವುದು ಸಹಜ.

ಮುಖ್ಯ ವಿಷಯವೊಂದನ್ನು ಮೊದಲೇ ಹೇಳಬೇಕು. 80ಇ ಸೆಕ್ಷನ್‌ನಲ್ಲಿ 'ಬಡ್ಡಿ ಸರ್ಟಿಫಿಕೇಟ್' ಎಂಬ ಮಾತೇ ಇಲ್ಲ. ಅರ್ಹ ಸಾಲಕ್ಕೆ ಆ ವರ್ಷ ನೀವು ಬಡ್ಡಿ ಕಟ್ಟಿರಬೇಕು ಎಂದಷ್ಟೇ ಅದು ಕೇಳುತ್ತದೆ. ಸರ್ಟಿಫಿಕೇಟ್ ಎಂದರೆ ಬ್ಯಾಂಕಿನ ಲೆಜರ್‌ನಿಂದ ತೆಗೆದ ಒಂದು ಸಾಲಿನ ಸಾರಾಂಶ. ಲೆಜರ್ ಪ್ರತಿಯನ್ನೇ ತಂದು ಲೆಕ್ಕ ತಾಳೆ ಮಾಡಿ ತೋರಿಸಿದರೆ ಸರ್ಟಿಫಿಕೇಟ್ ಇಲ್ಲದೆಯೂ ವಾದ ನಿಲ್ಲುತ್ತದೆ.

ಮೊದಲು ನೋಟಿಸ್ ಓದಿ

2019ರ ಅಕ್ಟೋಬರ್‌ನಿಂದ ಇಲಾಖೆಯ ಪತ್ರಗಳಿಗೆ ಡಿಐಎನ್ ಎಂಬ ಗುರುತಿನ ಸಂಖ್ಯೆ ಇರುತ್ತದೆ. incometax.gov.in ಮುಖಪುಟದ Authenticate Notice/Order Issued by ITD ಎಂಬಲ್ಲಿ ಅದನ್ನು ಹಾಕಿ ನೋಡಿ. ಅಲ್ಲಿ ಸಿಗದ ನೋಟಿಸ್‌ನ ಲಿಂಕ್ ಒತ್ತಲೇಬೇಡಿ. ಅಸಲಿಯಾದರೆ ಯಾವ ಸೆಕ್ಷನ್‌ನದು ಎಂದು ನೋಡಿ. ವಿನಾಯಿತಿಯನ್ನು ಮತ್ತೊಮ್ಮೆ ಪರಿಶೀಲಿಸಿಕೊಳ್ಳಿ ಎನ್ನುವ ಎಸ್ಎಂಎಸ್, ಇಮೇಲ್ ಬರೀ ಎಚ್ಚರಿಕೆ. 143(1)(ಎ) ಅಡಿಯ ಪತ್ರಕ್ಕೆ 30 ದಿನದಲ್ಲಿ ಒಪ್ಪಿಗೆ ಇದೆಯೋ ಇಲ್ಲವೋ ತಿಳಿಸಬೇಕು. 143(2) ಅಥವಾ 142(1) ಬಂದಿದ್ದರೆ ದಾಖಲೆ ಕೊಡಲೇಬೇಕು, ಕೊನೆಯ ದಿನ ನೋಟಿಸ್‌ನಲ್ಲೇ ಇರುತ್ತದೆ. ಇದಕ್ಕೆ ಕಾರವಾರಕ್ಕೋ ಹುಬ್ಬಳ್ಳಿಗೋ ಓಡಬೇಕಿಲ್ಲ, ಉತ್ತರ ಹೋಗುವುದು ಪೋರ್ಟಲ್ ಮೂಲಕವೇ.

ವಿನಾಯಿತಿಗೆ ನೀವು ಅರ್ಹರೇ?

ಕಾಗದ ಹುಡುಕುವ ಮೊದಲು ಇದನ್ನು ಕೇಳಿಕೊಳ್ಳಿ. ಎಷ್ಟೋ ಪ್ರಕರಣ ಬಿದ್ದುಹೋಗುವುದು ಇಲ್ಲಿಯೇ, ಸರ್ಟಿಫಿಕೇಟ್ ಇಲ್ಲದ್ದರಿಂದಲ್ಲ.

ಹೊಸ ತೆರಿಗೆ ಪದ್ಧತಿಯಲ್ಲಿ 80ಇ ಇಲ್ಲ. ಹಳೆಯ ಪದ್ಧತಿಯನ್ನು ಆರಿಸಿ, ಗಡುವಿನೊಳಗೆ ರಿಟರ್ನ್ ಸಲ್ಲಿಸಿರಬೇಕು. ಸಾಲ ಬ್ಯಾಂಕಿನದ್ದೋ, ಸರ್ಕಾರ ಅಧಿಸೂಚನೆ ಹೊರಡಿಸಿದ ಹಣಕಾಸು ಸಂಸ್ಥೆಯದ್ದೋ, ಮಾನ್ಯತೆ ಪಡೆದ ದತ್ತಿ ಸಂಸ್ಥೆಯದ್ದೋ ಆಗಿರಬೇಕು. ಊರಿನ ಪತ್ತಿನ ಸಹಕಾರಿ ಸಂಘದ ಸಾಲ ಇದಕ್ಕೆ ಬರುವುದಿಲ್ಲ. ಮಗಳ ಫೀಸಿಗೆಂದೇ ಬಳೆ ಅಡವಿಟ್ಟು ತೆಗೆದ ಚಿನ್ನದ ಸಾಲವನ್ನು ಬ್ಯಾಂಕೇ ಕೊಟ್ಟಿದ್ದರೂ ಕಾಗದದಲ್ಲಿ ಅದು ಶಿಕ್ಷಣ ಸಾಲವಲ್ಲ. ಅದನ್ನು ಕ್ಲೇಮ್ ಮಾಡಿ ದಕ್ಕಿಸಿಕೊಳ್ಳುವುದು ಕಷ್ಟ.

ಸಾಲ ತೆಗೆದವರು ಯಾರು ಎಂಬುದು ನಮ್ಮ ಕಡೆ ಹೆಚ್ಚು ಎಡವುವ ಜಾಗ. ಸ್ವಂತ ಓದಿಗೆ, ಗಂಡ ಅಥವಾ ಹೆಂಡತಿಯ, ಮಕ್ಕಳ, ಕಾನೂನು ಪ್ರಕಾರ ಪೋಷಕರಾಗಿರುವ ವಿದ್ಯಾರ್ಥಿಯ ಓದಿಗೆ ತೆಗೆದ ಸಾಲಕ್ಕೆ ಮಾತ್ರ ವಿನಾಯಿತಿ. ತಂಗಿಯ ಸಾಲವನ್ನು ಅಣ್ಣ ತೀರಿಸಿದರೆ ಅದು ಅಣ್ಣನ ದೊಡ್ಡತನ, ತೆರಿಗೆಯಲ್ಲಿ ಲೆಕ್ಕಕ್ಕಿಲ್ಲ. ಬಡ್ಡಿ ಕಟ್ಟಿದ ಹಣವೂ ತೆರಿಗೆಗೆ ಒಳಪಡುವ ಆದಾಯದಿಂದಲೇ ಬಂದಿರಬೇಕು. ದುಬೈನಲ್ಲಿರುವ ಮಗ ತನ್ನ ಎನ್ಆರ್‌ಇ ಖಾತೆಯಿಂದ ಕಂತು ಕಟ್ಟುತ್ತಿದ್ದು, ಊರಿನಲ್ಲಿರುವ ತಂದೆ ವಿನಾಯಿತಿ ಕೇಳಿದರೆ ಪಾಸ್‌ಬುಕ್ಕೇ ಅವರ ವಿರುದ್ಧ ಸಾಕ್ಷಿ ಹೇಳುತ್ತದೆ.

ಇನ್ನು ವರ್ಷಗಳ ಲೆಕ್ಕ. ಬಡ್ಡಿ ಕಟ್ಟಲು ಶುರು ಮಾಡಿದ ವರ್ಷವೂ ಸೇರಿ ಒಟ್ಟು ಎಂಟು ವರ್ಷ, ಅಥವಾ ಬಡ್ಡಿ ತೀರುವವರೆಗೆ, ಎರಡರಲ್ಲಿ ಯಾವುದು ಮೊದಲೋ ಅದು. ಓದುವಾಗಲೇ ಸ್ವಲ್ಪ ಬಡ್ಡಿ ಕಟ್ಟಿದ್ದರೆ ಎಣಿಕೆ ಅಂದಿನಿಂದಲೇ ಶುರು.

ಒಂದು ಉದಾಹರಣೆ

ತೆಂಗಿನಗುಂಡಿ ಬಂದರಿನ ಕಡೆಯ ಮೀನುಗಾರರ ಮನೆಯೊಂದನ್ನು ಊಹಿಸಿಕೊಳ್ಳೋಣ. ಮಗಳು 2017ರಲ್ಲಿ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕಿನ ಸಾಲದಲ್ಲಿ ಇಂಜಿನಿಯರಿಂಗ್ ಸೇರಿದಳು. ಮುಖ್ಯ ಸಾಲಗಾರಳು ಅವಳೇ, ತಂದೆ ಸಹ-ಸಾಲಗಾರ. ಈಗ ಬೆಂಗಳೂರಿನಲ್ಲಿ ಕೆಲಸ, ಕಂತು ಹೋಗುವುದು ಅವಳ ಸಂಬಳದ ಖಾತೆಯಿಂದ. ಕಟ್ಟಲು ಶುರು ಮಾಡಿದ್ದು 2022ರ ಜುಲೈನಲ್ಲಿ. ಆದ್ದರಿಂದ 2024-25ರ ಹಣಕಾಸು ವರ್ಷ ಅವಳ ಮೂರನೇ ವರ್ಷ. ಆ ವರ್ಷಕ್ಕೆ ₹51,690 ಬಡ್ಡಿ ಕ್ಲೇಮ್ ಮಾಡಿದ್ದಾಳೆ. ಈಗ ಪುರಾವೆ ಕೇಳಿ 142(1) ನೋಟಿಸ್ ಬಂದಿದೆ.

ಅವಳು ಮೊದಲು ಮಾಡಬೇಕಾದ್ದು ವಿಲೀನವಾದ ಬ್ಯಾಂಕಿನ ಶಾಖೆಗೆ ಲಿಖಿತ ಅರ್ಜಿ ಕೊಡುವುದು. ಹಳೆಯ ಹಾಗೂ ಹೊಸ ಖಾತೆ ಸಂಖ್ಯೆ, ಮಂಜೂರಾತಿ ದಿನಾಂಕ, ಯಾವ ಹಣಕಾಸು ವರ್ಷದ ಸರ್ಟಿಫಿಕೇಟ್ ಬೇಕು ಎಂಬುದು ಅದರಲ್ಲಿರಲಿ. ಪ್ರತಿಯ ಮೇಲೆ ಶಾಖೆಯ ಸೀಲು, ದಿನಾಂಕ ಹಾಕಿಸಿಕೊಳ್ಳಬೇಕು. ಕೌಂಟರ್‌ನಲ್ಲಿ ಬಾಯಿಮಾತಿನಲ್ಲಿ ಕೇಳಿದ್ದಕ್ಕೆ ಮುಂದೆ ಸಾಕ್ಷಿ ಇರುವುದಿಲ್ಲ. 30 ದಿನದಲ್ಲಿ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ cms.rbi.org.in ಮೂಲಕ ದೂರು ಕೊಡಬಹುದು. ಆದರೆ ನೋಟಿಸ್ ಅಲ್ಲಿಯವರೆಗೆ ಕಾಯುವುದಿಲ್ಲ.

ಹಾಗಾಗಿ ಅದೇ ಭೇಟಿಯಲ್ಲಿ 2024ರ ಏಪ್ರಿಲ್ 1ರಿಂದ 2025ರ ಮಾರ್ಚ್ 31ರವರೆಗಿನ ಸಾಲದ ಖಾತೆಯ ಸ್ಟೇಟ್‌ಮೆಂಟ್ ಕೇಳಬೇಕು. ಬರೀ ಪ್ರಿಂಟ್ ಅಲ್ಲ, ಅಧಿಕಾರಿಯ ಸಹಿ ಮತ್ತು ಸೀಲು ಇರುವ ಪ್ರತಿ. 1891ರ ಬ್ಯಾಂಕರ್ಸ್ ಬುಕ್ಸ್ ಎವಿಡೆನ್ಸ್ ಕಾಯ್ದೆಯ ಪ್ರಕಾರ ದೃಢೀಕೃತ ಪ್ರತಿಗೆ ಮೂಲ ಲೆಜರ್‌ನಂತೆಯೇ ಸಾಕ್ಷ್ಯದ ಬೆಲೆ ಇದೆ. ಕಂಪ್ಯೂಟರ್ ಪ್ರಿಂಟ್ ಆದರೆ ಅದೇ ಕಾಯ್ದೆಯ 2ಎ ಸೆಕ್ಷನ್‌ನ ಪ್ರಮಾಣೀಕರಣ ಜೊತೆಗಿರಬೇಕು. ಈ ಸೆಕ್ಷನ್ ಹೆಸರನ್ನು ಅರ್ಜಿಯಲ್ಲೇ ಬರೆಯಿರಿ, ಕೆಲಸ ಬೇಗ ಆಗುತ್ತದೆ.

ಸ್ಟೇಟ್‌ಮೆಂಟ್ ಕೈಗೆ ಬಂದ ಮೇಲೆ ಲೆಕ್ಕ. ಅವಳದ್ದರಲ್ಲಿ ಏಪ್ರಿಲ್ 1ರ ಬಾಕಿ ₹5,20,000. ವರ್ಷವಿಡೀ ಬ್ಯಾಂಕ್ ಹಾಕಿದ ಬಡ್ಡಿ ಕೂಡಿಸಿದರೆ ₹51,690. ಇತರ ಶುಲ್ಕ ₹590. ತಿಂಗಳಿಗೆ ₹9,500ರಂತೆ ಅವಳು ಕಟ್ಟಿದ್ದು ₹1,14,000. ಮಾರ್ಚ್ 31ರ ಬಾಕಿ ₹4,58,280.

```
5,20,000 + 51,690 + 590 - 1,14,000 = 4,58,280
```

ಎರಡೂ ಬದಿ ಸರಿಹೊಂದಿತು. ಒಂದು ರೂಪಾಯಿ ಹೆಚ್ಚುಕಡಿಮೆ ಬಂದರೂ ಯಾವುದೋ ಸಾಲು ಬಿಟ್ಟುಹೋಗಿದೆ ಎಂದೇ ಅರ್ಥ. ಕ್ಲೇಮ್ ಮಾಡಬಹುದಾದದ್ದು ₹51,690 ಮಾತ್ರ. ಅಸಲಿಗೆ ಹೋದ ಭಾಗವೂ ₹590 ಶುಲ್ಕವೂ ಸೇರುವುದಿಲ್ಲ. ಕಂತಿನ ಪೂರ್ತಿ ಮೊತ್ತ ₹1,14,000 ಹಾಕಿಬಿಡುವವರಿದ್ದಾರೆ, ಹಾಗೆ ಮಾಡಿದರೆ ಅದು ತಪ್ಪು ಕ್ಲೇಮ್.

ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಬ್ಯಾಂಕ್ ಹಾಕಿದ ಬಡ್ಡಿಗೂ ನೀವು ಕಟ್ಟಿದ ಬಡ್ಡಿಗೂ ವ್ಯತ್ಯಾಸವಿದೆ, ವಿನಾಯಿತಿ ಎರಡನೆಯದಕ್ಕೆ. ಕೆಲಸ ಹೋಗಿ ಆ ವರ್ಷ ಅವಳು ಒಟ್ಟು ₹38,000 ಅಷ್ಟೇ ಕಟ್ಟಿದ್ದರೆ, ಸ್ಟೇಟ್‌ಮೆಂಟ್‌ನಲ್ಲಿ ₹51,690 ಬಡ್ಡಿ ಕಂಡರೂ ₹38,000ಕ್ಕಿಂತ ಹೆಚ್ಚು ಕೇಳುವಂತಿಲ್ಲ. ಓದಿನ ಅವಧಿಯಲ್ಲಿ ಕೇಂದ್ರ ಸರ್ಕಾರದ ಬಡ್ಡಿ ಸಬ್ಸಿಡಿ ಜಮೆಯಾಗಿದ್ದರೆ ಅದನ್ನೂ ಬಿಡಬೇಕು, ಏಕೆಂದರೆ ಆ ಬಡ್ಡಿ ಕಟ್ಟಿದ್ದು ಸರ್ಕಾರ.

ಉತ್ತರ ಸಲ್ಲಿಸುವಾಗ

ದೃಢೀಕೃತ ಸ್ಟೇಟ್‌ಮೆಂಟ್ ಜೊತೆಗೆ ಸಾಲ ಮಂಜೂರಾತಿ ಪತ್ರ, ಕಂತು ಹೋದದ್ದು ಕಾಣುವ ಸಂಬಳ ಖಾತೆಯ ಪುಟಗಳು, ಕಾಲೇಜಿನ ಪ್ರವೇಶ ಪತ್ರ ಅಥವಾ ಪದವಿ ಪ್ರಮಾಣಪತ್ರ, ಶಾಖೆಯ ಸೀಲು ಬಿದ್ದ ಅರ್ಜಿಯ ಪ್ರತಿ ಇಷ್ಟನ್ನು ಪಿಡಿಎಫ್ ಮಾಡಿ. ಮಂಜೂರಾತಿ ಪತ್ರ ಕಳೆದಿದ್ದರೆ ಬ್ಯಾಂಕಿಗೆ ಕೊಟ್ಟ ಅರ್ಜಿಯಲ್ಲೇ ಅದರ ಪ್ರತಿಯನ್ನೂ ಕೇಳಿ. ಪೋರ್ಟಲ್‌ನಲ್ಲಿ ಲಾಗಿನ್ ಆಗಿ Pending Actions, ಅದರೊಳಗೆ e-Proceedings ತೆರೆದರೆ ನೋಟಿಸ್ ಕಾಣುತ್ತದೆ. ಉತ್ತರ ಚಿಕ್ಕದಾಗಿರಲಿ:

"ಸಾಲ ನೀಡಿದ ಬ್ಯಾಂಕ್ ದಿನಾಂಕ 1-5-2025ರಿಂದ ವಿಲೀನಗೊಂಡಿದೆ. ರಿಟರ್ನ್‌ನಲ್ಲಿ ನಮೂದಿಸಿದ್ದು ಹಳೆಯ ಖಾತೆ ಸಂಖ್ಯೆ, ಹೊಸ ಸಂಖ್ಯೆ ಇಂತಿದೆ. ಬಡ್ಡಿ ಸರ್ಟಿಫಿಕೇಟ್‌ಗೆ ಅರ್ಜಿ ಸಲ್ಲಿಸಿದ್ದೇನೆ, ಸ್ವೀಕೃತಿ ಲಗತ್ತಿಸಿದೆ. ಅದು ಕೈಸೇರುವವರೆಗೆ ಬ್ಯಾಂಕ್ ದೃಢೀಕರಿಸಿದ ಸ್ಟೇಟ್‌ಮೆಂಟ್ ಮತ್ತು ಲೆಕ್ಕದ ತಾಳೆಯನ್ನು ಪರಿಗಣಿಸಬೇಕೆಂದು ಕೋರುತ್ತೇನೆ."

ಸ್ಟೇಟ್‌ಮೆಂಟ್ ಕೂಡ ಗಡುವಿನೊಳಗೆ ಸಿಗದಿದ್ದರೆ ಅಲ್ಲೇ ಇರುವ Seek Adjournment ಒತ್ತಿ ಕಾರಣ ಬರೆದು ಸಮಯ ಕೇಳಿ. ಉತ್ತರವೇ ಕೊಡದಿದ್ದರೆ ಸತ್ಯವಾದ ಕ್ಲೇಮ್ ಕೂಡ ಬಿದ್ದುಹೋಗುತ್ತದೆ. ಸರ್ಟಿಫಿಕೇಟ್‌ನ ನಮೂನೆ ಸಿಕ್ಕಿತೆಂದು ಅಂಕಿ ತುಂಬಿ ಕೊಡುವ ಮಧ್ಯವರ್ತಿಗಳ ಹತ್ತಿರವಂತೂ ಸುಳಿಯಬೇಡಿ. ಆದಾಯ ತಪ್ಪಾಗಿ ತೋರಿಸಿದರೆ ತಪ್ಪಿದ ತೆರಿಗೆಯ ಶೇ 200ರವರೆಗೆ ದಂಡವಿದೆ.

ಪರಿಶೀಲಿಸಿದಾಗ ಕ್ಲೇಮ್ ನಿಮ್ಮದೇ ತಪ್ಪು ಎಂದು ತಿಳಿದರೆ? ಬಂದದ್ದು ಎಚ್ಚರಿಕೆಯ ಸಂದೇಶ ಮಾತ್ರವಾಗಿದ್ದರೆ ಅಪ್‌ಡೇಟೆಡ್ ರಿಟರ್ನ್ ಸಲ್ಲಿಸಿ ತೆರಿಗೆ, ಬಡ್ಡಿ, ಹೆಚ್ಚುವರಿ ತೆರಿಗೆ ಕಟ್ಟಿ ಸರಿಪಡಿಸಬಹುದು. ಆ ವರ್ಷದ ಅಸೆಸ್‌ಮೆಂಟ್ ಪ್ರಕ್ರಿಯೆ ಶುರುವಾಗಿದ್ದರೆ ಆ ದಾರಿ ಮುಚ್ಚಿರುತ್ತದೆ. ಆಗ ಉತ್ತರದಲ್ಲೇ ತಪ್ಪಾದ ಮೊತ್ತ ಹೇಳಿ ಕ್ಲೇಮ್ ಹಿಂತೆಗೆದುಕೊಳ್ಳುವುದು ಲೇಸು.

ಎಲ್ಲ ದಾಖಲೆ ಕೊಟ್ಟ ಮೇಲೂ ಬರೀ ಸರ್ಟಿಫಿಕೇಟ್ ಇಲ್ಲವೆಂದು ವಿನಾಯಿತಿ ತಿರಸ್ಕರಿಸಿದರೆ, ಆದೇಶ ಕೈಸೇರಿದ 30 ದಿನದೊಳಗೆ ಫಾರ್ಮ್ 35ರಲ್ಲಿ ಮೇಲ್ಮನವಿ ಸಲ್ಲಿಸಿ. ನಿರ್ಧರಿಸಿದ ಆದಾಯ ₹2 ಲಕ್ಷ ಮೀರಿದ್ದರೆ ಅದರ ಶುಲ್ಕ ₹1,000.